ಅಂಕ ಏರಿತು, ಹರಿದ ತಂತಿಯ ದೂರು ತಪ್ಪಿತು: ಪ್ರಾಂಪ್ಟ್ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಬಗೆ

ಪ್ರಶ್ನೆ: ವಿದ್ಯುತ್ ದೂರಿನ ವಾಟ್ಸಾಪ್ ಸಂದೇಶಗಳನ್ನು ಎಲ್‌ಎಲ್‌ಎಂ ಬಳಸಿ ವಿಂಗಡಿಸುವ ಕೆಲಸ ನಮ್ಮದು. 200 ಹಳೆಯ ಸಂದೇಶಗಳನ್ನು ಸರಿಯುತ್ತರದ ಜೊತೆ ಎಕ್ಸೆಲ್‌ನಲ್ಲಿ ಇಟ್ಟುಕೊಂಡಿದ್ದೇವೆ. ಪ್ರಾಂಪ್ಟ್ ತಿದ್ದಿದಾಗ ನೆನಪಾದರೆ ಓಡಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಮಾಡೆಲ್ ಆವೃತ್ತಿ ಬದಲಾದರೆ ಗೊತ್ತೇ ಆಗುವುದಿಲ್ಲ. ಎರಡೂ ಸಂದರ್ಭದಲ್ಲಿ ತಾನಾಗಿ ಓಡುವಂತೆ ಮಾಡುವುದು ಹೇಗೆ? ಏನೂ ಬದಲಿಸದೆ ಎರಡು ಸಲ ಓಡಿಸಿದರೂ ಅಂಕ ಬೇರೆ ಬರುತ್ತದೆ. ಹಾಗಾದರೆ ಅಂಕ ಎಷ್ಟು ಇಳಿದರೆ ತಡೆಯಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದ ಜೋಡಣೆ ಹೇಗಿರಬೇಕು ಎಂಬುದು ಸುಲಭವಾಗಿ ತಿಳಿಯುತ್ತದೆ. ಒಟ್ಟು ಅಂಕವನ್ನು ನೋಡಿ ತಡೆಯಬೇಡಿ. ಹಿಂದಿನ ಸಲ ಸರಿ ಬಂದು ಈ ಸಲ ತಪ್ಪಿದ ಸಂದೇಶಗಳು ಯಾವುವು ಎಂದು ನೋಡಿ ತಡೆಯಿರಿ. ಇವೆರಡರ ನಡುವಿನ ಅಂತರ ನನಗೆ ಅರ್ಥವಾದದ್ದು ನಿಮ್ಮದೇ ಬಗೆಯ ಒಂದು ಯೋಜನೆಯಲ್ಲಿ.

ಅಲ್ಲಿ ದೂರುಗಳಿಗೆ ಐದು ವರ್ಗ ಇದ್ದವು: ಕರೆಂಟ್ ಇಲ್ಲ, ಟಿಸಿ ಕೆಟ್ಟಿದೆ, ಬಿಲ್ಲಿನ ತಕರಾರು, ಹೊಸ ಸಂಪರ್ಕ ಮತ್ತು ಅಪಾಯ. ತಂತಿ ಹರಿದು ಬಿದ್ದಿದ್ದರೆ, ಕಂಬ ವಾಲಿದ್ದರೆ, ಮುಟ್ಟಿದರೆ ಶಾಕ್ ಹೊಡೆಯುತ್ತಿದ್ದರೆ ಅದು ಅಪಾಯದ ವರ್ಗ. ಆ ದೂರು ಸರದಿಯಲ್ಲಿ ಕಾಯದೆ ನೇರವಾಗಿ ಲೈನ್‌ಮ್ಯಾನ್ ಫೋನಿಗೆ ಹೋಗುತ್ತಿತ್ತು. ನಮ್ಮ ತೊಂದರೆ ಇದ್ದದ್ದು ಬಿಲ್ಲಿನ ದೂರುಗಳಲ್ಲಿ. ಜನ ಬಿಲ್ ಜಾಸ್ತಿ ಬಂದಿದೆ ಎಂದು ಶುರು ಮಾಡಿ, ಕೊನೆಗೆ ‘ಮೇಲಾಗಿ ದಿನಾ ಕರೆಂಟೂ ಹೋಗ್ತದೆ’ ಎಂದು ಸೇರಿಸುತ್ತಿದ್ದರು. ಮಾಡೆಲ್ ಆ ಕೊನೆಯ ಮಾತನ್ನು ಹಿಡಿದು ‘ಕರೆಂಟ್ ಇಲ್ಲ’ ಎಂದು ಗುರುತು ಹಾಕುತ್ತಿತ್ತು. ಅದನ್ನು ಸರಿಪಡಿಸಲು ಪ್ರಾಂಪ್ಟಿಗೆ ಒಂದು ಸಾಲು ಸೇರಿಸಿದೆವು: ಸಂದೇಶದಲ್ಲಿ ಒಂದಕ್ಕಿಂತ ಹೆಚ್ಚು ದೂರುಗಳಿದ್ದರೆ ಮೊದಲು ಹೇಳಿದ್ದನ್ನೇ ಮುಖ್ಯವೆಂದು ತೆಗೆದುಕೋ.

ಟೆಸ್ಟ್ ಓಡಿಸಿದರೆ 200ಕ್ಕೆ 181 ಇದ್ದದ್ದು 187 ಆಯಿತು. ಅಂಕವಷ್ಟನ್ನೇ ನೋಡಿದ್ದರೆ ಅಂದೇ ಒಳಗೆ ಸೇರಿಸಿಬಿಡುತ್ತಿದ್ದೆವು. ಸಾಲು ಸಾಲಾಗಿ ಹೋಲಿಸಿದಾಗ ಕಂಡದ್ದೇ ಬೇರೆ. ಹಿಂದೆ ತಪ್ಪಿದ್ದ 11 ಸಂದೇಶಗಳು ಸರಿಯಾಗಿದ್ದವು, ಹಿಂದೆ ಸರಿ ಇದ್ದ 5 ತಪ್ಪಿದ್ದವು. ಆ ಐದರಲ್ಲಿ ನಾಲ್ಕು ಈ ಬಗೆಯವು:

```json
{"id": "wire-014",
 "text": "ಬೆಳಗ್ಗಿಂದ ಕರೆಂಟ್ ಇಲ್ರಿ, ತ್ವಾಟದಾಗ ಲೈನ್ ಹರದು ಬಿದ್ದದ, ಅಲ್ಲೇ ದನ ಕಟ್ಟೀವಿ",
 "category": "danger",
 "must_pass": true}
```

ತಂತಿ ಹರಿದಾಗ ಮನೆಯಲ್ಲಿ ಮೊದಲು ಗಮನಕ್ಕೆ ಬರುವುದು ಕರೆಂಟ್ ಹೋದದ್ದು. ಬರೆಯುವವರು ಅದನ್ನೇ ಮೊದಲು ಬರೆಯುತ್ತಾರೆ, ತಂತಿಯ ಮಾತು ಎರಡನೆಯದಾಗಿ ಬರುತ್ತದೆ. ಬಿಲ್ಲಿನ ಹನ್ನೊಂದು ದೂರುಗಳನ್ನು ಸರಿ ಮಾಡಿದ ಸಾಲೇ ಹರಿದ ತಂತಿಯ ನಾಲ್ಕು ದೂರುಗಳನ್ನು ಮಾಮೂಲಿ ಸರದಿಗೆ ತಳ್ಳಿತ್ತು. ಬಳಿಕ ಇನ್ನೊಂದು ಸಾಲು ಸೇರಿಸಿದೆವು: ಅಪಾಯದ ಸುಳಿವು ಸಂದೇಶದಲ್ಲಿ ಎಲ್ಲಿದ್ದರೂ ಅದೇ ಮೊದಲು. ಮತ್ತೆ ಓಡಿಸಿದಾಗ ಆ ನಾಲ್ಕೂ ಸರಿಯಾದವು, ಬಿಲ್ಲಿನ ಹನ್ನೊಂದರಲ್ಲಿ ಒಂದು ಮತ್ತೆ ಕೈಕೊಟ್ಟಿತು, ಒಟ್ಟು 190ಕ್ಕೆ ನಿಂತಿತು. ಆ ಒಂದನ್ನು ಹಾಗೇ ಬಿಟ್ಟೆವು. ಬಿಲ್ಲಿನ ದೂರು ಒಂದು ದಿನ ತಡವಾದರೆ ಯಾರ ಜೀವಕ್ಕೂ ಕುತ್ತಿಲ್ಲ.

ಆದ್ದರಿಂದ ಮೊದಲ ಕೆಲಸವಾಗಿ ನಿಮ್ಮ ಎಕ್ಸೆಲ್ ಹಾಳೆಯನ್ನು ಮೇಲಿನಂತೆ ಸಾಲಿಗೊಂದು ದಾಖಲೆ ಇರುವ ಫೈಲಾಗಿ ಮಾಡಿಕೊಳ್ಳಿ. ಇಲ್ಲಿ ಓದಲು ಸುಲಭವಾಗಲೆಂದು ಮುರಿದು ಬರೆದಿದ್ದೇನೆ, ಫೈಲಿನಲ್ಲಿ ಒಂದು ದಾಖಲೆ ಒಂದೇ ಸಾಲಿನಲ್ಲಿರಲಿ. ಪ್ರತಿಯೊಂದಕ್ಕೂ ಎಂದೂ ಬದಲಾಗದ ಒಂದು `id` ಕೊಡಿ. ಅದಿಲ್ಲದಿದ್ದರೆ ನಡುವೆ ಹೊಸ ಸಂದೇಶ ಸೇರಿಸಿದ ದಿನ ಹಳೆಯ ಫಲಿತಾಂಶಗಳ ಜೊತೆ ಹೋಲಿಕೆ ಕೆಡುತ್ತದೆ. ತಪ್ಪಲೇಬಾರದ ಸಂದೇಶಗಳಿಗೆ `must_pass` ಗುರುತು ಹಾಕಿ. 200ರಲ್ಲಿ 25-30 ಸಾಕು. ಎಲ್ಲಕ್ಕೂ ಹಾಕಿದರೆ ದಿನಾ ಕೆಂಪು ದೀಪ ಉರಿಯುತ್ತದೆ, ನಾಲ್ಕನೆಯ ದಿನ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಇವು ನಿಜವಾದ ಜನರ ಸಂದೇಶಗಳಾದ್ದರಿಂದ ಫೋನ್ ನಂಬರ್, ಆರ್‌ಆರ್ ನಂಬರ್‌ಗಳನ್ನು ಸುಳ್ಳು ಅಂಕಿಗಳಿಂದ ಬದಲಿಸಿಯೇ ಫೈಲಿಗೆ ಹಾಕಿ. ಅಂಕಿಗಳ ಸಂಖ್ಯೆ ಮಾತ್ರ ಅಷ್ಟೇ ಇರಲಿ.

ಇನ್ನು ಏನೂ ಬದಲಿಸದಿದ್ದರೂ ಅಂಕ ಬದಲಾಗುವ ವಿಷಯ. `temperature` ಸೊನ್ನೆ ಇಟ್ಟರೂ ಇದು ಪೂರ್ತಿ ನಿಲ್ಲುವುದಿಲ್ಲ. ಸರ್ವರ್ ನಿಮ್ಮ ಕೋರಿಕೆಯನ್ನು ಆ ಕ್ಷಣದಲ್ಲಿ ಬಂದ ಬೇರೆಯವರ ಕೋರಿಕೆಗಳ ಜೊತೆ ಒಟ್ಟಿಗೆ ಲೆಕ್ಕ ಹಾಕುತ್ತದೆ. ಗುಂಪಿನ ಗಾತ್ರ ಬದಲಾದಂತೆ ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮವೂ ಬದಲಾಗಿ ಕೊನೆಯ ಅಂಕಿಗಳಲ್ಲಿ ಅತಿ ಸಣ್ಣ ವ್ಯತ್ಯಾಸ ಬರುತ್ತದೆ. ಎರಡು ಪದಗಳ ಸಂಭವ ಹೆಚ್ಚುಕಡಿಮೆ ಸಮನಾಗಿದ್ದ ಕಡೆ ಅಷ್ಟು ಸಣ್ಣ ವ್ಯತ್ಯಾಸವೇ ಉತ್ತರವನ್ನು ತಿರುಗಿಸಿಬಿಡುತ್ತದೆ. ಕೆಲವು ಮಾಡೆಲ್‌ಗಳಂತೂ `temperature` ಬದಲಿಸಲು ಬಿಡುವುದೇ ಇಲ್ಲ.

ಹಾಗಾಗಿ ಈ ಅಲುಗಾಟ ನಿಮ್ಮಲ್ಲಿ ಎಷ್ಟಿದೆ ಎಂದು ಮೊದಲು ಅಳೆದುಕೊಳ್ಳಬೇಕು. ಈಗ ಬಳಕೆಯಲ್ಲಿರುವ ಪ್ರಾಂಪ್ಟನ್ನು ಈಗಿನ ಮಾಡೆಲ್ ಮೇಲೆ ಏನೂ ಬದಲಿಸದೆ ಮೂರು ಸಲ ಓಡಿಸಿ. ನಮ್ಮಲ್ಲಿ 200ರಲ್ಲಿ 9 ಸಂದೇಶಗಳು ಒಮ್ಮೆ ಸರಿ, ಒಮ್ಮೆ ತಪ್ಪು ಎಂದು ತೂಗಾಡುತ್ತಿದ್ದವು. ತೆರೆದು ಓದಿದರೆ ಕಾರಣ ಅಲ್ಲೇ ಇತ್ತು. ‘ಟಿಸಿ ಹತ್ರ ಸೌಂಡ್ ಬಂತು ಆಮೇಲೆ ಕರೆಂಟಿಲ್ಲ’ ಎಂಬಂಥವು, ನಮ್ಮಲ್ಲೇ ಇಬ್ಬರು ಕೂತು ಗುರುತು ಹಾಕಿದರೂ ಒಮ್ಮತ ಬರದಂಥವು. ಅಂಥ ಸಾಲುಗಳನ್ನು ಅಳಿಸಬೇಡಿ, ಆದರೆ ಅವುಗಳ ಏರಿಳಿತ ನೋಡಿ ಬದಲಾವಣೆಯನ್ನು ತಡೆಯಲೂಬೇಡಿ. ಹಿಂದೆ ಮೂರಕ್ಕೆ ಮೂರು ಸಲ ಸರಿ ಇದ್ದದ್ದು ಈಗ ಮೂರರಲ್ಲಿ ಎರಡು ಸಲವಾದರೂ ತಪ್ಪಿದರೆ ಅದನ್ನು ಮುರಿದದ್ದು ಎಂದು ಎಣಿಸಿ. `must_pass` ಸಂದೇಶ ಮಾತ್ರ ಮೂರಕ್ಕೆ ಮೂರೂ ಸರಿ ಇರಬೇಕು. ಒಮ್ಮೆ ತಪ್ಪಿದರೂ ತಡೆಯಿರಿ.

ಉಳಿದವುಗಳಲ್ಲಿ ಎಷ್ಟು ಮುರಿದರೆ ಹೆಚ್ಚು? ಮುರಿದವು ಮತ್ತು ಸರಿಯಾದವು ಎರಡನ್ನೂ ಎಣಿಸಿ ಪಕ್ಕದಲ್ಲಿಟ್ಟು ನೋಡಿ. ಬದಲಾವಣೆಯಿಂದ ಒಳ್ಳೆಯದೂ ಆಗಿಲ್ಲ ಕೆಟ್ಟದ್ದೂ ಆಗಿಲ್ಲ ಎಂದಾದರೆ ತಿರುಗಿದ ಸಾಲುಗಳು ನಾಣ್ಯ ಚಿಮ್ಮಿದಂತೆ ಎರಡೂ ಕಡೆ ಹಂಚಿಕೊಳ್ಳಬೇಕು. 9 ಮುರಿದು 7 ಸರಿಯಾಗಿದ್ದರೆ ಅದು ಬರೀ ಅಲುಗಾಟವಿರಬಹುದು. 8 ಮುರಿದು ಒಂದೂ ಸರಿಯಾಗಿಲ್ಲವೆಂದರೆ ಬೇರೆ ಮಾತು. ಎಂಟು ಸಲ ಚಿಮ್ಮಿದ ನಾಣ್ಯ ಎಂಟೂ ಸಲ ಒಂದೇ ಮುಖ ತೋರುವ ಸಂಭವ 128ರಲ್ಲಿ ಒಂದು. ಗಮನಿಸಿ, ಮೊದಲನೆಯದರಲ್ಲಿ ಅಂಕ ಇಳಿದದ್ದು 2, ಎರಡನೆಯದರಲ್ಲಿ 8. ಆದರೆ 20 ಮುರಿದು 20 ಸರಿಯಾದರೆ ಅಂಕ ಕದಲುವುದೇ ಇಲ್ಲ, ಒಳಗೆ ಮಾತ್ರ 40 ದೂರುಗಳ ದಾರಿ ಬದಲಾಗಿರುತ್ತದೆ. ಅದಕ್ಕೇ ವರದಿಯಲ್ಲಿ ಅಂಕ ಕೊನೆಯ ಸಾಲಿನಲ್ಲಿರಲಿ. ಮೊದಲು ಮುರಿದ ಸಂದೇಶಗಳು ಹಳೆಯ ಉತ್ತರ, ಹೊಸ ಉತ್ತರಗಳ ಸಮೇತ ಕಾಣಬೇಕು.

ಈಗ ತಾನಾಗಿ ಓಡಿಸುವ ಬಗೆಗೆ ಬರುತ್ತೇನೆ. ನೀವು ಕೇಳಿದ ಎರಡು ಬದಲಾವಣೆಗಳಲ್ಲಿ ಒಂದು ನಿಮ್ಮ ಕೈಯಲ್ಲಿ ಆಗುತ್ತದೆ, ಇನ್ನೊಂದು ಮಾಡೆಲ್ ಕೊಡುವವರ ಕಡೆ ಆಗುತ್ತದೆ. ಎರಡನೆಯದನ್ನು ಆದಷ್ಟು ಮೊದಲನೆಯದಾಗಿ ಮಾಡಿಕೊಳ್ಳುವುದು ಜಾಣತನ. `gpt-4o` ಎಂದು ಬರೆದರೆ ಅದು ಬರೀ ಅಡ್ಡಹೆಸರು, ಅದರ ಹಿಂದಿನ ಮಾಡೆಲನ್ನು ಕೊಡುವವರು ಬದಲಿಸಬಹುದು. `gpt-4o-2024-08-06` ಎಂದು ತಾರೀಖಿನ ಸಮೇತ ಬರೆದರೆ ನಿರ್ದಿಷ್ಟ ಆವೃತ್ತಿಗೆ ಕಟ್ಟಿಹಾಕಿದಂತೆ. ಆಗ ಆವೃತ್ತಿ ಬದಲಾಗಬೇಕಾದರೆ ಯಾರಾದರೂ ನಿಮ್ಮ ಫೈಲಿನಲ್ಲಿ ಆ ಹೆಸರನ್ನು ತಿದ್ದಲೇಬೇಕು. ಪ್ರಾಂಪ್ಟ್ ತಿದ್ದಿದಂತೆಯೇ ಅದೂ ಒಂದು ಪುಲ್ ರಿಕ್ವೆಸ್ಟ್ ಆಗುತ್ತದೆ. ಗಿಟ್‌ಹಬ್ ಆ್ಯಕ್ಷನ್ಸ್ ಬಳಸುವುದಾದರೆ ಯಾವಾಗ ಓಡಬೇಕೆಂದು ಹೇಳಲು ಇಷ್ಟು ಸಾಕು:

```yaml
on:
  pull_request:
    paths:
      - "prompts/**"
      - "config/model.yaml"
      - "src/parse.py"
      - "tests/cases.jsonl"
  schedule:
    - cron: "30 20 * * *"
  workflow_dispatch:
```

`model.yaml` ಒಳಗೆ ಮಾಡೆಲ್ ಹೆಸರು ಮಾತ್ರವಲ್ಲ, `temperature`, `max_tokens` ಇವೂ ಇರಲಿ. ಇವುಗಳಲ್ಲಿ ಯಾವುದು ಬದಲಾದರೂ ಉತ್ತರ ಬದಲಾಗಬಹುದು. `parse.py` ಪಟ್ಟಿಯಲ್ಲಿ ಏಕಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಆ ಸಮಯದ ಸಾಲು ಯುಟಿಸಿಯಲ್ಲಿದೆ, ನಮ್ಮ ಗಡಿಯಾರದಲ್ಲಿ ರಾತ್ರಿ 2 ಗಂಟೆ. ಹೆಸರನ್ನು ಕಟ್ಟಿಹಾಕಿದ ಮೇಲೂ ರಾತ್ರಿಯ ಓಟ ಬೇಕೇ ಎಂದು ಕೇಳಬಹುದು. ನಾನು ಇಟ್ಟುಕೊಳ್ಳುತ್ತೇನೆ, ಆದರೆ `must_pass` ಸಂದೇಶಗಳಿಗೆ ಮಾತ್ರ. ಅಡ್ಡಹೆಸರನ್ನೇ ಬಳಸಬೇಕಾದ ಅನಿವಾರ್ಯತೆ ಇದ್ದರೆ ಪ್ರತಿ ಉತ್ತರದ ಜೊತೆ ಬರುವ `model` ಎಂಬ ಅಂಶವನ್ನು ದಾಖಲಿಸಿ. ನಿಜವಾಗಿ ಉತ್ತರ ಕೊಟ್ಟ ಆವೃತ್ತಿಯ ಹೆಸರು ಹಲವು ಸೇವೆಗಳಲ್ಲಿ ಅಲ್ಲಿ ಸಿಗುತ್ತದೆ. ನಿನ್ನೆಯ ಹೆಸರಿಗೂ ಇಂದಿನದಕ್ಕೂ ವ್ಯತ್ಯಾಸ ಕಂಡ ರಾತ್ರಿ ಪೂರ್ತಿ 200 ಓಡಲಿ.

ಇಲ್ಲಿ ಎರಡು ಕಡೆ ಎಡವುವವರನ್ನು ಕಂಡಿದ್ದೇನೆ. ಈ ಪರೀಕ್ಷೆ ಕಡ್ಡಾಯ ಎಂದು ರಿಪೊದಲ್ಲಿ ಗುರುತು ಹಾಕಿದ್ದು, ಒಂದು ಪುಲ್ ರಿಕ್ವೆಸ್ಟ್ ಮೇಲಿನ ಯಾವ ಫೈಲನ್ನೂ ಮುಟ್ಟಿಲ್ಲ ಎಂದುಕೊಳ್ಳಿ. ಪರೀಕ್ಷೆ ಓಡುವುದಿಲ್ಲ, ಆದರೆ ಗಿಟ್‌ಹಬ್ ಅದಕ್ಕಾಗಿ ಕಾಯುತ್ತಲೇ ಇರುತ್ತದೆ, ಮರ್ಜ್ ಮಾಡಲು ಆಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಕೆಲವು ತಂಡಗಳಲ್ಲಿ ಪ್ರಾಂಪ್ಟ್ ಗಿಟ್‌ನಲ್ಲಿ ಇರುವುದೇ ಇಲ್ಲ. ಅಡ್ಮಿನ್ ಪುಟದ ಒಂದು ಪೆಟ್ಟಿಗೆಯಲ್ಲಿರುತ್ತದೆ, ಸಂಜೆ ಆರಕ್ಕೆ ಯಾರೋ ಒಳ್ಳೆಯ ಉದ್ದೇಶದಿಂದಲೇ ಒಂದು ಪದ ತಿದ್ದುತ್ತಾರೆ, ಯಾವ ಪರೀಕ್ಷೆಗೂ ಸುದ್ದಿ ಮುಟ್ಟುವುದಿಲ್ಲ. ಎರಡಕ್ಕೂ ಮದ್ದು ಒಂದೇ. ಫೈಲಿನ ದಾರಿ ನೋಡುವ ಬದಲು ಒಳಗಿನ ವಿಷಯದ ಬೆರಳಚ್ಚು ತೆಗೆಯಿರಿ:

```python
parts = [prompt_text, model_config, parse_source, cases_text]
key = hashlib.sha256("\x00".join(parts).encode("utf-8")).hexdigest()
```

ಮೇಲಿನ `paths` ಸಾಲುಗಳನ್ನು ತೆಗೆದು, ಪ್ರತಿ ಪುಲ್ ರಿಕ್ವೆಸ್ಟ್‌ಗೂ ಈ ಸ್ಕ್ರಿಪ್ಟ್ ಓಡಲಿ. ಈ ಬೆರಳಚ್ಚಿಗೆ ಫಲಿತಾಂಶ ಈಗಾಗಲೇ ಇದ್ದರೆ ಅದನ್ನೇ ತೋರಿಸಿ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ಓಡಿಸುತ್ತದೆ. ಅಡ್ಮಿನ್ ಪುಟದ ‘ಉಳಿಸು’ ಗುಂಡಿಗೂ ಇದೇ ಸ್ಕ್ರಿಪ್ಟನ್ನು ಜೋಡಿಸಿ. ಹಸಿರು ಫಲಿತಾಂಶವಿಲ್ಲದ ಬೆರಳಚ್ಚಿನ ಪ್ರಾಂಪ್ಟ್ ಬಳಕೆಗೆ ಹೋಗದಂತೆ ನೋಡಿಕೊಂಡರೆ ಪ್ರಾಂಪ್ಟ್ ಎಲ್ಲಿದ್ದರೂ ತೊಂದರೆಯಿಲ್ಲ. ರಾತ್ರಿಯ ಓಟ ಮಾತ್ರ ಈ ಹಳೆಯ ಫಲಿತಾಂಶವನ್ನು ನೋಡದೆ ಹೊಸದಾಗಿಯೇ ಓಡಬೇಕು. ಅಲ್ಲಿ ನಾವು ಹಿಡಿಯಹೊರಟಿರುವುದೇ ನಮ್ಮ ಬೆರಳಚ್ಚಿನಲ್ಲಿ ಕಾಣದ ಬದಲಾವಣೆಯನ್ನು.

ಸರಿ-ತಪ್ಪು ನಿರ್ಧರಿಸುವ ಕೋಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮಾಡೆಲ್ ಆವೃತ್ತಿ ಬದಲಾದಾಗ ಮೊದಲು ಮುರಿಯುವುದು ಇದೇ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಸಂಶೋಧಕರು ಜಿಪಿಟಿ-4ರ ಮಾರ್ಚ್ ಮತ್ತು ಜೂನ್ ಆವೃತ್ತಿಗಳಿಗೆ ಒಂದೇ ಪ್ರಶ್ನೆಗಳನ್ನು ಕೇಳಿ ಹೋಲಿಸಿದರು. ನೇರವಾಗಿ ಓಡುವ ಕೋಡ್ ಬರೆದ ಪ್ರಮಾಣ ಶೇ 52ರಿಂದ ಶೇ 10ಕ್ಕೆ ಕುಸಿದಿತ್ತು. ಅದಕ್ಕೆ ದೊಡ್ಡ ಕಾರಣ, ಹೊಸ ಆವೃತ್ತಿ ಕೋಡಿನ ಹಿಂದೆ ಮುಂದೆ ಮೂರು ಬ್ಯಾಕ್‌ಟಿಕ್ ಹಾಕತೊಡಗಿದ್ದು. ಪರೀಕ್ಷಿಸುವ ಸ್ಕ್ರಿಪ್ಟ್ ಅದನ್ನೂ ಸೇರಿಸಿ ಓಡಿಸಲು ಹೋಗಿ ಸೋಲುತ್ತಿತ್ತು. ಅದೇ ಅಧ್ಯಯನದ ಮೊದಲ ಪ್ರತಿಯಲ್ಲಿ, ಕೊಟ್ಟ ಸಂಖ್ಯೆ ಅವಿಭಾಜ್ಯವೇ ಎಂಬ ಪ್ರಶ್ನೆಗೆ ಸರಿಯುತ್ತರ ಶೇ 97.6ರಿಂದ ಶೇ 2.4ಕ್ಕೆ ಇಳಿದಿತ್ತು. ಪ್ರಿನ್ಸ್‌ಟನ್‌ನ ಅರವಿಂದ್ ನಾರಾಯಣನ್ ಮತ್ತು ಸಯಾಶ್ ಕಪೂರ್ ಗಮನಿಸಿದ್ದು, ಕೇಳಿದ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಎಂಬುದನ್ನು. ಹಳೆಯದು ಹೆಚ್ಚುಕಡಿಮೆ ಎಲ್ಲದಕ್ಕೂ ‘ಹೌದು’ ಎನ್ನುತ್ತಿತ್ತು, ಹೊಸದು ‘ಅಲ್ಲ’ ಎನ್ನುತ್ತಿತ್ತು. ವಿಭಾಜ್ಯ ಸಂಖ್ಯೆಗಳನ್ನೂ ಸೇರಿಸಿ ಸಂಶೋಧಕರು ಮತ್ತೆ ಅಳೆದಾಗ ಅದು ಶೇ 84ರಿಂದ ಶೇ 51ಕ್ಕೆ ಎಂದಾಯಿತು.

ಈ ಎರಡರಿಂದಲೂ ನಿಮಗೆ ಕೆಲಸವಿದೆ. ಮಾಡೆಲ್ ಕೊಟ್ಟ ಉತ್ತರವನ್ನು ಬಳಕೆಯಲ್ಲಿರುವ ವ್ಯವಸ್ಥೆ ಯಾವ `parse.py` ಮೂಲಕ ಓದುತ್ತದೋ ಟೆಸ್ಟ್ ಕೂಡ ಅದೇ ಕೋಡಿನ ಮೂಲಕ ಓದಬೇಕು. ಟೆಸ್ಟಿಗೆಂದು ಬೇರೆ ಮೆತ್ತನೆಯ ಕೋಡ್ ಬರೆದು, ಅದು ಬ್ಯಾಕ್‌ಟಿಕ್‌ಗಳನ್ನು ಸದ್ದಿಲ್ಲದೆ ಕಿತ್ತುಹಾಕುತ್ತಿದ್ದರೆ, ಟೆಸ್ಟ್ ಹಸಿರಾಗಿಯೇ ಇರುತ್ತದೆ, ಹೊರಗೆ ದೂರುಗಳು ಬೀಳುತ್ತಿರುತ್ತವೆ. ಇನ್ನು ವರ್ಗಗಳ ಹಂಚಿಕೆ. ತಂತಿಯ ಮಾತಿರುವ ಪ್ರತಿ ಸಂದೇಶವೂ ನಿಮ್ಮ ಫೈಲಿನಲ್ಲಿ ಅಪಾಯವೇ ಆಗಿದ್ದರೆ, ‘ತಂತಿ’ ಎಂದ ಕೂಡಲೇ ಅಪಾಯ ಎನ್ನುವ ಮಾಡೆಲ್ ಪೂರ್ಣಾಂಕ ಪಡೆಯುತ್ತದೆ. ‘ಹೊಸ ಮನೆಗೆ ಕಂಬದಿಂದ ತಂತಿ ಎಳೆಯಲು ಎಷ್ಟು ಖರ್ಚು’ ಎಂಬಂಥವೂ ಇರಬೇಕು.

ವರ್ಗವನ್ನು `danger`, `outage` ಎಂಬ ನಿಗದಿತ ಪದಗಳಲ್ಲಿ ಕೇಳಿದರೆ ಹೋಲಿಕೆ ಸುಲಭ. ಊರಿನ ಹೆಸರನ್ನೂ ಹೆಕ್ಕಿಸುತ್ತಿದ್ದರೆ ಕನ್ನಡ ಅಕ್ಷರಗಳ ತೊಡಕು ಎದುರಾಗುತ್ತದೆ. ‘ಕೋಲಾರ’ದ ಓ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಅರ್ಕಾವತ್ತಿನ ಬಳಿ ಕಾಣದ ಜೋಡಕಗಳೂ ಕೂತಿರುತ್ತವೆ. ಮಾಡೆಲ್ ಕನ್ನಡ ಅಂಕಿ ಬಳಸಿದರೆ ಅದೂ ಹೊಂದುವುದಿಲ್ಲ. ಹೋಲಿಸುವ ಮುನ್ನ ಎರಡೂ ಕಡೆಯನ್ನು ಒಂದೇ ರೂಪಕ್ಕೆ ತನ್ನಿ:

```python
def norm(s):
    s = unicodedata.normalize("NFC", s)
    s = s.replace("\u200c", "").replace("\u200d", "")
    return s.translate(str.maketrans("೦೧೨೩೪೫೬೭೮೯", "0123456789")).strip()
```

ಇದು ಹೋಲಿಕೆಗೆ ಮಾತ್ರ. ಜನರಿಗೆ ಕಳಿಸುವ ಪಠ್ಯದಿಂದ ಆ ಜೋಡಕಗಳನ್ನು ತೆಗೆದರೆ ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಕ ಅಕ್ಷರ ಜ ಕೆಳಗೆ ಒತ್ತಾಗಿ ಇಳಿದುಬಿಡುತ್ತದೆ.

ತಪ್ಪಿದ ಸಾಲುಗಳನ್ನು ಎಣಿಸುವಾಗ ಇನ್ನೊಂದು ಎಚ್ಚರ. ಸರ್ವರ್ 429 ಎಂದು ಹಿಂದಕ್ಕೆ ಕಳಿಸಿದ್ದು, ಸಮಯ ಮೀರಿದ್ದು ಇವೆಲ್ಲ ಮಾಡೆಲ್ಲಿನ ತಪ್ಪು ಉತ್ತರಗಳಲ್ಲ. ಸ್ವಲ್ಪ ಕಾದು ಮತ್ತೆ ಕೇಳಿ, ಆಗಲೂ ಬರದಿದ್ದರೆ ಓಟವೇ ಅಪೂರ್ಣ ಎಂದು ಬರೆಯಿರಿ. `finish_reason` ಅಂಶ `length` ಎಂದು ಬಂದಿದ್ದರೆ ಉತ್ತರ ಅರ್ಧಕ್ಕೆ ಕತ್ತರಿಸಿಹೋಗಿದೆ ಎಂದರ್ಥ. ಕನ್ನಡ ಪಠ್ಯ ಟೋಕನ್‌ಗಳನ್ನು ಹೆಚ್ಚು ತಿನ್ನುತ್ತದೆ, ಮಾಡೆಲ್ ಬದಲಾದಾಗ ಟೋಕನ್ ಮಾಡುವ ಕ್ರಮವೂ ಬದಲಾಗಬಹುದು. ನಿನ್ನೆಯವರೆಗೆ ಸಾಕಾಗುತ್ತಿದ್ದ `max_tokens` ಇಂದು ಸಾಲದೆ ಜೇಸನ್ ನಡುವೆಯೇ ಮುರಿಯುತ್ತದೆ. ಮುರಿದ ಸಾಲುಗಳೆಲ್ಲ ಉದ್ದದ ಸಂದೇಶಗಳೇ ಆಗಿದ್ದರೆ ಮೊದಲು ಇದನ್ನು ನೋಡಿ.

ದೂರು ಕೊಟ್ಟವರಿಗೆ ಕನ್ನಡದಲ್ಲಿ ಮರುತ್ತರವನ್ನೂ ಬರೆಸುತ್ತಿದ್ದರೆ ಅದನ್ನು ಪದಕ್ಕೆ ಪದ ಹೋಲಿಸಲಾಗದು. ಕೆಲವರು ಇನ್ನೊಂದು ಮಾಡೆಲ್ಲಿನಿಂದ ಅಂಕ ಹಾಕಿಸುತ್ತಾರೆ. ಮಾಡಬಹುದು, ಆದರೆ ಅಂಕ ಹಾಕುವ ಮಾಡೆಲನ್ನೂ ತಾರೀಖಿನ ಹೆಸರಿಗೆ ಕಟ್ಟಿಹಾಕಿ, ಪರೀಕ್ಷೆಗೆ ಒಳಗಾಗುವ ಮಾಡೆಲ್ ಜೊತೆಗೇ ಅದನ್ನು ಬದಲಿಸಬೇಡಿ. ಓದಿದವನೂ ಬದಲಾಗಿ ತಿದ್ದಿದವನೂ ಬದಲಾದರೆ ಅಂಕ ಏಕೆ ಬದಲಾಯಿತೆಂದು ಹೇಳುವವರೇ ಇರುವುದಿಲ್ಲ.

ಕೊನೆಯದಾಗಿ ಆವೃತ್ತಿ ಬದಲಿಸುವ ದಿನದ ಕ್ರಮ. ಕಟ್ಟಿಹಾಕಿದ ಆವೃತ್ತಿ ಶಾಶ್ವತವಲ್ಲ, ಕೊಡುವವರು ಅದಕ್ಕೆ ನಿವೃತ್ತಿಯ ದಿನಾಂಕ ಪ್ರಕಟಿಸುತ್ತಾರೆ. ಆ ದಿನಾಂಕ ಕಂಡ ವಾರವೇ ಹಳೆಯದು ಮತ್ತು ಹೊಸದು ಎರಡನ್ನೂ ಒಂದೇ ರಾತ್ರಿ, ತಲಾ ಮೂರು ಸಲ ಓಡಿಸಿ. ಆರು ತಿಂಗಳ ಹಿಂದಿನ ಫಲಿತಾಂಶದ ಜೊತೆ ಹೋಲಿಸಿದರೆ ಈ ನಡುವೆ ನೀವು ತಿದ್ದಿದ ಸರಿಯುತ್ತರಗಳೂ ಸೇರಿಕೊಂಡು ಕಲಸುಮೇಲೋಗರವಾಗುತ್ತದೆ. ಹಳೆಯದು ಮುಚ್ಚಿದ ಮೇಲೆ ಈ ಹೋಲಿಕೆ ಎಂದಿಗೂ ಸಾಧ್ಯವಿಲ್ಲ. ಒಂದು ಸಂದೇಶಕ್ಕೆ ಪ್ರಾಂಪ್ಟ್ ಸೇರಿ ಸುಮಾರು 1,500 ಟೋಕನ್ ಎಂದಿಟ್ಟುಕೊಂಡರೆ, 200 ಸಂದೇಶ ಮೂರು ಸಲಕ್ಕೆ 9 ಲಕ್ಷ, ಎರಡೂ ಆವೃತ್ತಿಗೆ 18 ಲಕ್ಷ ಟೋಕನ್. ನಿಮ್ಮ ಮಾಡೆಲ್ಲಿನ ದರಪಟ್ಟಿಯಿಂದ ಗುಣಿಸಿ ನೋಡಿ. ಹೆಚ್ಚೆನಿಸಿದರೆ ಮೊದಲ ಸಲ ಎಲ್ಲವನ್ನೂ ಓಡಿಸಿ, ಎರಡನೆಯ ಮತ್ತು ಮೂರನೆಯ ಸಲ ಉತ್ತರ ತಿರುಗಿದ ಸಾಲುಗಳನ್ನೂ `must_pass` ಸಾಲುಗಳನ್ನೂ ಮಾತ್ರ ಓಡಿಸಬಹುದು.

ಮುರಿದ ಸಾಲುಗಳನ್ನು ಓದುವಾಗ ಹೊಸ ಮಾಡೆಲ್ಲೇ ಸರಿ, ನಿಮ್ಮ ಫೈಲಿನ ಉತ್ತರವೇ ತಪ್ಪು ಎನಿಸುವ ಕೆಲವು ಸಿಕ್ಕೇ ಸಿಗುತ್ತವೆ. ಉತ್ತರವನ್ನು ತಿದ್ದಿ, ಆದರೆ ಮಾಡೆಲ್ ಬದಲಿಸುವ ಪುಲ್ ರಿಕ್ವೆಸ್ಟಿನಲ್ಲೇ ಅಲ್ಲ. ಬೇರೆಯದೊಂದರಲ್ಲಿ, ದೂರು ಕೇಂದ್ರದಲ್ಲಿ ಕೂತು ಫೋನ್ ಎತ್ತುವ ಒಬ್ಬರಾದರೂ ಒಪ್ಪಿದ ಮೇಲೆ ತಿದ್ದಿ. ‘ಲೈನ್ ಹೋಗ್ಯದ’ ಎಂದರೆ ತಂತಿ ಹರಿದದ್ದೋ ಕರೆಂಟ್ ಹೋದದ್ದೋ ಎಂದು ಆ ಭಾಗದ ಲೈನ್‌ಮ್ಯಾನ್‌ಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.